e^x = 3x: ಅರ್ಧ ಮಾಡುತ್ತಾ ಹೋಗಿ ಉತ್ತರ ಹಿಡಿಯುವುದು

ಸಮೀಕರಣ ನೋಡೋಕೆ ತುಂಬಾ ಚಿಕ್ಕದು: e^x = 3x. ಎಡಕ್ಕೆ ಒಂದು ಘಾತ, ಬಲಕ್ಕೆ ಒಂದು ಸರಳ ಗುಣಾಕಾರ. ಆದರೆ ಪಿಯುಸಿಯಲ್ಲಿ ಕಲಿತ ಯಾವ ಉಪಾಯವೂ ಇಲ್ಲಿ ನಡೆಯುವುದಿಲ್ಲ.

ಮೊದಲು ಎಲ್ಲರೂ ಮಾಡುವುದು ಎರಡೂ ಕಡೆ ಲಾಗ್ ತೆಗೆದುಕೊಳ್ಳುವುದು. ಆಗ x = ln 3 + ln x ಎಂದು ಬರುತ್ತದೆ. ಎಡಗಡೆ x ಬಿಡುಗಡೆಯಾಯಿತು, ಬಲಗಡೆ ಲಾಗ್ ಒಳಗೆ ಸಿಕ್ಕಿಕೊಂಡಿತು. ಮತ್ತೆ ಘಾತಕ್ಕೆ ಏರಿಸಿದರೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೇವೆ. x ಒಂದು ಕಡೆ ಘಾತದಲ್ಲಿದೆ, ಇನ್ನೊಂದು ಕಡೆ ನೆಲದ ಮೇಲಿದೆ. ಎರಡನ್ನೂ ಒಟ್ಟಿಗೆ ಕೆಳಗಿಳಿಸುವ ಬೀಜಗಣಿತದ ಹೆಜ್ಜೆ ಇಲ್ಲ.

ನಮಗೆ ಹೊಳೆಯಲಿಲ್ಲ ಅಷ್ಟೇ, ಯಾರಿಗಾದರೂ ಹೊಳೆಯಬಹುದು ಅಂತ ಅನ್ನಿಸಬಹುದು. ಅದೂ ಆಗುವುದಿಲ್ಲ. 1882ರಲ್ಲಿ ಲಿಂಡೆಮನ್ ಸಾಧಿಸಿದ ಒಂದು ಮಾತಿದೆ: x ಸೊನ್ನೆಯಲ್ಲದ ಬೀಜೀಯ ಸಂಖ್ಯೆಯಾದರೆ e^x ಬೀಜೀಯ ಸಂಖ್ಯೆ ಆಗಿರಲು ಸಾಧ್ಯವಿಲ್ಲ. ಬೀಜೀಯ ಸಂಖ್ಯೆ ಅಂದರೆ ಪೂರ್ಣಾಂಕಗಳ ಸಹಗುಣಕವಿರುವ ಯಾವುದಾದರೂ ಬಹುಪದೋಕ್ತಿಯ ಮೂಲ. ಭಿನ್ನರಾಶಿ, ವರ್ಗಮೂಲ, ಘನಮೂಲ ಎಲ್ಲವೂ ಇದರಲ್ಲಿ ಸೇರುತ್ತವೆ. ಈಗ ನಮ್ಮ ಉತ್ತರ x ಬೀಜೀಯ ಅಂತಿಟ್ಟುಕೊಳ್ಳಿ. ಆಗ 3x ಕೂಡ ಬೀಜೀಯ. ಆದರೆ ಅದು e^x ಗೆ ಸಮ, e^x ಬೀಜೀಯ ಅಲ್ಲ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಅಂದರೆ ಉತ್ತರವನ್ನು ಭಿನ್ನರಾಶಿಯಾಗಿಯೋ, ಬೇರುಗಳ ಚಿಹ್ನೆ ಹಾಕಿಯೋ ಬರೆಯುವ ಆಸೆಯನ್ನು ಬಿಟ್ಟುಬಿಡಬೇಕು. ಲ್ಯಾಂಬರ್ಟ್‌ನ W ಎಂಬ ಫಂಕ್ಷನ್ ಬಳಸಿ x = −W(−1/3) ಎಂದು ಬರೆಯುವವರಿದ್ದಾರೆ. ತಪ್ಪೇನಿಲ್ಲ. ಆದರೆ ಆ W ನ ಬೆಲೆ ಬೇಕೆಂದರೆ ಅದನ್ನೂ ಹಂತಹಂತವಾಗಿ ಲೆಕ್ಕ ಹಾಕಿಯೇ ಹಿಡಿಯಬೇಕು. ಹೆಸರು ಸಿಕ್ಕಿತು, ಅಂಕಿ ಸಿಗಲಿಲ್ಲ.

ಅಂಕಿ ಬೇಕಾದಾಗ ನೆಚ್ಚಬಹುದಾದ ದಾರಿ ಬೈಸೆಕ್ಷನ್. ಉತ್ತರ ಇರುವ ಜಾಗವನ್ನು ಅರ್ಧಕ್ಕೆ ಕತ್ತರಿಸಿ, ಯಾವ ಅರ್ಧದಲ್ಲಿದೆ ಎಂದು ನೋಡಿ, ಇನ್ನೊಂದನ್ನು ಬಿಸಾಡುವುದು. ವಿಧಾನ ಇಷ್ಟೇ. ಕಷ್ಟ ಇರುವುದು ಕತ್ತರಿಸುವುದರಲ್ಲಲ್ಲ, ಮೊದಲ ಜಾಗವನ್ನು ಆರಿಸುವುದರಲ್ಲಿ. ಲ್ಯಾಬ್ ರೆಕಾರ್ಡ್‌ಗಳಲ್ಲಿ ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸಿ ಟೇಬಲ್ ಹಾಕಲು ಓಡುತ್ತಾರೆ. ನಾನು ಇಲ್ಲಿ ಅದರ ಹತ್ತಿರವೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಮೊದಲ ವ್ಯಾಪ್ತಿ ಎಲ್ಲಿಂದ ಬರುತ್ತದೆ

ಎಲ್ಲವನ್ನೂ ಒಂದೇ ಕಡೆ ತಂದು f(x) = e^x − 3x ಎಂದು ಬರೆಯೋಣ. f ಸೊನ್ನೆಯಾಗುವ x ನಮ್ಮ ಉತ್ತರ. ಬೈಸೆಕ್ಷನ್ ನಿಂತಿರುವುದು ಒಂದು ಸರಳ ಸಂಗತಿಯ ಮೇಲೆ. ಎಲ್ಲೂ ಕಡಿಯದೆ ಸಾಗುವ ಗೆರೆ ಒಂದು ತುದಿಯಲ್ಲಿ ಸೊನ್ನೆಗಿಂತ ಮೇಲಿದ್ದು ಇನ್ನೊಂದು ತುದಿಯಲ್ಲಿ ಕೆಳಗಿದ್ದರೆ, ನಡುವೆ ಎಲ್ಲೋ ಸೊನ್ನೆಯನ್ನು ದಾಟಲೇಬೇಕು. ಇದು ಕಣ್ಣಿಗೆ ಕಾಣುವಷ್ಟು ಸಹಜ ಅನ್ನಿಸಿದರೂ 1817ರಲ್ಲಿ ಪ್ರಾಗ್‌ನ ಬೋಲ್ಜಾನೊ ಇದಕ್ಕೊಂದು ಸಾಧನೆ ಬೇಕು ಎಂದು ಹಟ ಹಿಡಿದು ಬರೆದ. ಅವನ ಷರತ್ತು ಎರಡು: ತುದಿಗಳಲ್ಲಿ ಚಿಹ್ನೆ ಬೇರೆಯಾಗಿರಬೇಕು, ಗೆರೆ ಕಡಿದಿರಬಾರದು.

ಈಗ ಸುಮ್ನೆ 0 ಮತ್ತು 2 ಹಾಕಿ ನೋಡಿ. f(0) = 1. f(2) = 7.389 − 6 = 1.389. ಎರಡೂ ಪ್ಲಸ್. ಚಿಹ್ನೆ ಬದಲಾಗಿಲ್ಲ, ಹಾಗಾಗಿ ಇಲ್ಲಿ ಉತ್ತರವಿಲ್ಲ ಎಂದು ಬರೆದು ಮುಂದೆ ಹೋಗುವವರಿದ್ದಾರೆ. ಆದರೆ f(1) = 2.718 − 3 = −0.282. ನಡುವೆ ಗೆರೆ ಕೆಳಗಿಳಿದು ಮತ್ತೆ ಮೇಲೆ ಬಂದಿದೆ! 0 ಮತ್ತು 2ರ ನಡುವೆ ಒಂದಲ್ಲ, ಎರಡು ಉತ್ತರಗಳಿವೆ. ಚಿಹ್ನೆ ಬದಲಾದರೆ ಉತ್ತರ ಇದೆ ಎಂಬುದು ಖಚಿತ. ಬದಲಾಗದಿದ್ದರೆ ಇಲ್ಲ ಎನ್ನುವುದು ಖಚಿತವಲ್ಲ.

ಹಾಗಾದರೆ ಎಷ್ಟು ಉತ್ತರ ಇದೆ ಎಂದು ಮೊದಲೇ ತಿಳಿಯುವುದು ಹೇಗೆ? ಗೆರೆಯ ತಳ ಹುಡುಕಬೇಕು. f ನ ಇಳಿಜಾರು e^x − 3. ಅದು ಸೊನ್ನೆಯಾಗುವುದು x = ln 3, ಅಂದರೆ ಸುಮಾರು 1.0986ರಲ್ಲಿ. ಅಲ್ಲಿ f ನ ಬೆಲೆ 3 − 3 ln 3, ಅಂದರೆ ಸುಮಾರು −0.296. ಅದಕ್ಕಿಂತ ಎಡಕ್ಕೆ ಗೆರೆ ಇಳಿಯುತ್ತಲೇ ಇರುತ್ತದೆ, ಬಲಕ್ಕೆ ಏರುತ್ತಲೇ ಇರುತ್ತದೆ. ಹಾಗಾಗಿ ಎಡಗಡೆ ಒಂದು, ಬಲಗಡೆ ಒಂದು, ಒಟ್ಟು ಎರಡೇ ಉತ್ತರ. ಮೂರನೆಯದು ಎಲ್ಲೋ ಅಡಗಿರಬಹುದೆಂಬ ಭಯ ಬೇಡ.

ಇಲ್ಲಿ ಒಂದು ಸ್ವಾರಸ್ಯ ಇದೆ. 3ರ ಬದಲು 2 ಇದ್ದಿದ್ದರೆ? e^x − 2x ನ ತಳ 2 − 2 ln 2, ಸುಮಾರು 0.614. ಗೆರೆ ಸೊನ್ನೆಯ ಹತ್ತಿರವೂ ಬರುವುದಿಲ್ಲ, ಉತ್ತರವೇ ಇಲ್ಲ. ಬಲಗಡೆ ಇರುವ ಧನ ಸಂಖ್ಯೆ e ಗಿಂತ, ಅಂದರೆ 2.718ಕ್ಕಿಂತ, ದೊಡ್ಡದಾದರೆ ಎರಡು ಉತ್ತರ. ಚಿಕ್ಕದಾದರೆ ಒಂದೂ ಇಲ್ಲ. ಸರಿಯಾಗಿ e ಆದರೆ x = 1ರಲ್ಲಿ ಗೆರೆ ಸೊನ್ನೆಯನ್ನು ಮುಟ್ಟಿ ಹಿಂದಿರುಗುತ್ತದೆ. ಈ ಕೊನೆಯದು ಬೈಸೆಕ್ಷನ್‌ಗೆ ಕುರುಡು ಜಾಗ. ಉತ್ತರ ಕಣ್ಣೆದುರಿಗೇ ಇದೆ, ಆದರೆ ಎರಡೂ ಕಡೆ ಪ್ಲಸ್ ಇರುವುದರಿಂದ ವಿಧಾನಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ನಮ್ಮ 3 ಎಂಬುದು e ಗಿಂತ ಸ್ವಲ್ಪವೇ ಮೇಲಿದೆ. ತಳ ಅಷ್ಟು ಆಳವಿಲ್ಲದಿರುವುದಕ್ಕೆ ಅದೇ ಕಾರಣ.

ಲೆಕ್ಕ

ಚಿಕ್ಕ ಉತ್ತರವನ್ನು ಹಿಡಿಯೋಣ. ವ್ಯಾಪ್ತಿ 0ಯಿಂದ 1. ಎಡತುದಿಯಲ್ಲಿ ಪ್ಲಸ್, ಬಲತುದಿಯಲ್ಲಿ ಮೈನಸ್. ಈ ಎರಡು ಚಿಹ್ನೆಗಳು ಕೊನೆಯವರೆಗೂ ಹಾಗೆಯೇ ಉಳಿಯಬೇಕು. ಟೇಬಲ್ ಬರೆಯುವಾಗ ಇದನ್ನೇ ಗಮನಿಸಿದರೆ ಅರ್ಧ ತಪ್ಪುಗಳು ತಾವಾಗೇ ಸಿಕ್ಕಿಬೀಳುತ್ತವೆ.

ಮಧ್ಯಬಿಂದು 0.5. f(0.5) = 1.6487 − 1.5 = 0.1487. ಪ್ಲಸ್. ಹಾಗಾಗಿ 0.5 ಎಡತುದಿಯ ಜಾಗಕ್ಕೆ ಬರುತ್ತದೆ, ವ್ಯಾಪ್ತಿ 0.5ರಿಂದ 1 ಆಗುತ್ತದೆ. ಮುಂದಿನ ಮಧ್ಯಬಿಂದು 0.75. f(0.75) = 2.1170 − 2.25 = −0.1330. ಮೈನಸ್. ಈ ಸಲ ಬಲತುದಿ ಬದಲಾಗುತ್ತದೆ: 0.5ರಿಂದ 0.75. ಉಳಿದದ್ದು ಇದೇ ಕ್ರಮ.

| ಸುತ್ತು | ಮಧ್ಯಬಿಂದು | f ನ ಬೆಲೆ | ಉಳಿದ ವ್ಯಾಪ್ತಿ |
|---|---|---|---|
| 3 | 0.625 | −0.00675 | 0.5 – 0.625 |
| 4 | 0.5625 | +0.06755 | 0.5625 – 0.625 |
| 5 | 0.59375 | +0.02952 | 0.59375 – 0.625 |
| 6 | 0.609375 | +0.01116 | 0.609375 – 0.625 |
| 7 | 0.6171875 | +0.00214 | 0.6171875 – 0.625 |
| 8 | 0.62109375 | −0.00232 | 0.6171875 – 0.62109375 |
| 9 | 0.619140625 | −0.00009 | 0.6171875 – 0.619140625 |
| 10 | 0.6181640625 | +0.00103 | 0.6181640625 – 0.619140625 |
| 11 | 0.61865234375 | +0.00047 | 0.61865234375 – 0.619140625 |

ಹನ್ನೊಂದನೇ ಸುತ್ತಿಗೆ ನಿಲ್ಲಿಸಿದ್ದಕ್ಕೆ ಕಾರಣ ಇದೆ. ಹತ್ತನೇ ಸುತ್ತಿನಲ್ಲಿ ವ್ಯಾಪ್ತಿಯ ಉದ್ದ 1/1024, ಅಂದರೆ 0.001ಕ್ಕಿಂತ ಕಡಿಮೆ. ಮೂರು ದಶಮಾಂಶಕ್ಕೆ ಇಷ್ಟು ಸಾಕು ಅಂತ ಅನ್ನಿಸುತ್ತದೆ. ಆದರೆ ಎರಡು ತುದಿಗಳನ್ನು ಮೂರು ದಶಮಾಂಶಕ್ಕೆ ತಂದು ನೋಡಿ: ಒಂದು 0.618, ಇನ್ನೊಂದು 0.619. ಉತ್ತರ ಯಾವುದು ಅಂತ ಇನ್ನೂ ಹೇಳೋಕಾಗುವುದಿಲ್ಲ. ಹನ್ನೊಂದನೇ ಸುತ್ತಿನ ನಂತರ ಎರಡೂ ತುದಿಗಳು 0.619 ಆಗುತ್ತವೆ. ನಡುವೆ ಇರುವ ಉತ್ತರವೂ 0.619 ಆಗದೆ ಬೇರೆ ದಾರಿಯಿಲ್ಲ. ಉದ್ದ ಇಷ್ಟಾದಾಗ ನಿಲ್ಲಿಸು ಎಂಬ ನಿಯಮಕ್ಕಿಂತ, ತುದಿಗಳೆರಡೂ ಒಂದೇ ಅಂಕಿಗೆ ಬಂದಾಗ ನಿಲ್ಲಿಸು ಎಂಬುದು ನನಗೆ ಹೆಚ್ಚು ಭದ್ರ ಅನ್ನಿಸುತ್ತದೆ. ನಿಜವಾದ ಬೆಲೆ 0.6190613ರ ಹತ್ತಿರ ಇದೆ. (0.618 ಎಂದ ಕೂಡಲೇ ಸುವರ್ಣ ಅನುಪಾತ ನೆನಪಾಗಿ ಖುಷಿಪಡುವವರಿಗೆ: ಅದರ ವ್ಯುತ್ಕ್ರಮ 0.618034. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.)

ಒಂಬತ್ತನೇ ಸುತ್ತನ್ನು ಮತ್ತೊಮ್ಮೆ ನೋಡಿ

ಈ ಟೇಬಲ್‌ನಲ್ಲಿ ವಿಚಿತ್ರ ಸಾಲು ಒಂಬತ್ತನೆಯದು. 0.619140625 ನಿಜವಾದ ಉತ್ತರದಿಂದ ಬರೀ 0.00008 ದೂರದಲ್ಲಿದೆ. f ನ ಬೆಲೆಯೂ ಸೊನ್ನೆಗೆ ತೀರಾ ಹತ್ತಿರ. ಆದರೂ ಹತ್ತನೇ ಸುತ್ತಿನಲ್ಲಿ ವಿಧಾನ ಅಲ್ಲಿಂದ ಎದ್ದು 0.61816ಕ್ಕೆ ಹೋಗುತ್ತದೆ. ಅದು ಉತ್ತರದಿಂದ ಹನ್ನೊಂದು ಪಟ್ಟು ದೂರ. ಮೂರನೇ ಸುತ್ತಿನಲ್ಲಿಯೂ ಹೀಗೇ ಆಗಿತ್ತು: 0.625ರ ತನಕ ಬಂದು 0.5625ಕ್ಕೆ ಹಿಂದೆ ಸರಿಯಿತು.

ಯಾಕೆ ಹೀಗೆ? ಬೈಸೆಕ್ಷನ್ f ನ ಚಿಹ್ನೆಯನ್ನು ಮಾತ್ರ ನೋಡುತ್ತದೆ, ಗಾತ್ರವನ್ನು ನೋಡುವುದೇ ಇಲ್ಲ. −0.00009 ಆದರೂ ಅದಕ್ಕೆ ಮೈನಸ್, −9 ಆದರೂ ಮೈನಸ್. ಕೈಗೆ ಬಂದ ಮಾಹಿತಿಯಲ್ಲಿ ಬಹುಪಾಲನ್ನು ಅದು ಎಸೆಯುತ್ತದೆ. ಅದರ ನಿಧಾನಕ್ಕೆ ಇದೇ ಕಾರಣ, ಅದನ್ನು ನಂಬಬಹುದು ಎನ್ನುವುದಕ್ಕೂ ಇದೇ ಕಾರಣ. ಪ್ರತಿ ಸುತ್ತಿಗೆ ಕಡಿಮೆಯಾಗುವುದು ವ್ಯಾಪ್ತಿಯ ಉದ್ದ. ಮಧ್ಯಬಿಂದುವಿನ ತಪ್ಪು ಪ್ರತಿ ಸುತ್ತಿಗೂ ಕಡಿಮೆಯಾಗಬೇಕೆಂಬ ನಿಯಮವಿಲ್ಲ. ಹಾಗಾಗಿ ಟೇಬಲ್‌ನಲ್ಲಿ f ನ ಬೆಲೆ ಏರಿಳಿದರೆ ಗಾಬರಿಯಾಗಬೇಡಿ.

ಹತ್ತು ಸುತ್ತಿಗೆ ಉದ್ದ 1024ನೇ ಒಂದು ಭಾಗವಾಗುವುದರಿಂದ, ಹತ್ತು ಸುತ್ತಿಗೆ ಸುಮಾರು ಮೂರು ದಶಮಾಂಶ ಸಿಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಬಹುದು. ಇದು ಸಮೀಕರಣ ಯಾವುದೇ ಇರಲಿ, ಬದಲಾಗುವುದಿಲ್ಲ. ಎಷ್ಟು ಸುತ್ತು ಬೇಕು ಎಂದು ಲೆಕ್ಕ ಶುರು ಮಾಡುವ ಮೊದಲೇ ಹೇಳಬಹುದು. ಹೆಚ್ಚು ವೇಗದ ವಿಧಾನಗಳಲ್ಲಿ ಈ ಅನುಕೂಲ ಸಾಮಾನ್ಯವಾಗಿ ಸಿಗುವುದಿಲ್ಲ.

ಕ್ಯಾಲ್ಕುಲೇಟರ್ ಹಿಡಿದು ಮಾಡುವವರು ಬೀಳುವ ಹಳ್ಳವೂ ಇದೇ ಒಂಬತ್ತನೇ ಸಾಲಿನಲ್ಲಿದೆ. ಎಲ್ಲವನ್ನೂ ಮೂರು ದಶಮಾಂಶಕ್ಕೆ ಬರೆದುಕೊಳ್ಳುತ್ತಾ ಹೋದರೆ e^x = 1.857, 3x = 1.857, ಕಳೆದರೆ ಸೊನ್ನೆ. ಉತ್ತರ ಸಿಕ್ಕೇಬಿಟ್ಟಿತು ಎಂದು ಪೆನ್ನು ಕೆಳಗಿಡುತ್ತಾರೆ. ನಿಜದಲ್ಲಿ ಬೆಲೆಗಳು 1.85733 ಮತ್ತು 1.85742. ಇಲ್ಲಿ ಚಿಹ್ನೆಯನ್ನು ತಿಳಿಸುವ ಅಂಕಿಗಳೇ ಕತ್ತರಿಸಿಹೋಗಿವೆ. ಚಿಹ್ನೆ ಹೋದರೆ ಬೈಸೆಕ್ಷನ್‌ಗೆ ಬೇರೇನೂ ಆಧಾರವಿಲ್ಲ. ಉತ್ತರ ಮೂರು ದಶಮಾಂಶಕ್ಕೆ ಬೇಕಾದರೆ ನಡುವಿನ ಲೆಕ್ಕವನ್ನು ಐದಾರು ದಶಮಾಂಶದಲ್ಲಾದರೂ ಇಡಬೇಕು. f ಸೊನ್ನೆಯಾಗಿ ಕಂಡರೆ ಮೊದಲು ಅನುಮಾನ ಪಡಬೇಕಾದ್ದು ರೌಂಡ್ ಮಾಡಿದ್ದನ್ನು. ಈ ಸಮೀಕರಣದಲ್ಲಿ f ಯಾವ ಮಧ್ಯಬಿಂದುವಿನಲ್ಲೂ ನಿಜಕ್ಕೂ ಸೊನ್ನೆಯಾಗುವುದಿಲ್ಲ. ಮಧ್ಯಬಿಂದುಗಳೆಲ್ಲ ಭಿನ್ನರಾಶಿಗಳು, ಉತ್ತರ ಭಿನ್ನರಾಶಿ ಅಲ್ಲ ಎಂದು ಲಿಂಡೆಮನ್ ದಯೆಯಿಂದ ಮೊದಲೇ ಗೊತ್ತಾಗಿದೆ ಅಲ್ವಾ.

ದೊಡ್ಡ ಉತ್ತರ

1ರಿಂದ 2ರ ನಡುವೆ ಚಿಹ್ನೆಗಳು ತಿರುಗುಮುರುಗಾಗಿವೆ: ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್. ಮೊದಲ ಲೆಕ್ಕದಲ್ಲಿ 'ಪ್ಲಸ್ ಬಂದರೆ ಎಡತುದಿ ಬದಲಿಸು' ಎಂದು ಬಾಯಿಪಾಠ ಮಾಡಿಕೊಂಡವರು ಇಲ್ಲಿ ತಪ್ಪು ಅರ್ಧವನ್ನು ಉಳಿಸಿಕೊಳ್ಳುತ್ತಾರೆ. ಮಧ್ಯಬಿಂದುವಿನ ಚಿಹ್ನೆ ಯಾವ ತುದಿಯ ಚಿಹ್ನೆಗೆ ಸಮವೋ ಆ ತುದಿಯನ್ನು ಬದಲಿಸಬೇಕು. f(1.5) = −0.0183, ಹಾಗಾಗಿ ಎಡತುದಿ 1.5. ನಂತರ f(1.75) = +0.5046, ಬಲತುದಿ 1.75. ಹೀಗೇ ಹೋದರೆ 1.5121ರ ಹತ್ತಿರ ನಿಲ್ಲುತ್ತದೆ. ಲೆಕ್ಕದಲ್ಲಿ ಹೊಸದೇನಿಲ್ಲ, ಬಿಡಿಸಿ ಬರೆಯುವುದಿಲ್ಲ.

ಭಾಗಿಸಿದರೆ ಆಗುವ ಅನಾಹುತ

ಎರಡನೇ ಷರತ್ತು, ಗೆರೆ ಕಡಿದಿರಬಾರದು ಎಂಬುದು, ಇಷ್ಟು ಹೊತ್ತು ಸದ್ದಿಲ್ಲದೆ ನಮ್ಮ ಪರವಾಗಿತ್ತು. ಅದನ್ನು ಕೆಡಿಸುವುದು ಎಷ್ಟು ಸುಲಭ ನೋಡಿ. ಸಮೀಕರಣವನ್ನು x ನಿಂದ ಭಾಗಿಸಿ g(x) = 3 − e^x/x ಎಂದು ಬರೆದುಕೊಳ್ಳಿ. ಉತ್ತರಗಳು ಅವೇ ಎರಡು. ಈಗ ಯಾರೋ −1ರಿಂದ 0.5ರ ವ್ಯಾಪ್ತಿಯನ್ನು ತೆಗೆದುಕೊಂಡರು ಅನ್ನೋಣ. g(−1) = 3.37, g(0.5) = −0.30. ಚಿಹ್ನೆ ಬದಲಾಗಿದೆ, ಎಲ್ಲ ಸರಿಯಾಗೇ ಕಾಣುತ್ತದೆ.

ಲೆಕ್ಕ ಶುರುವಾಗುತ್ತದೆ. ಮಧ್ಯಬಿಂದು −0.25ರಲ್ಲಿ g ಸುಮಾರು 6.1. ನಂತರ 0.125ರಲ್ಲಿ −6.1. ಮುಂದೆ −0.0625ರಲ್ಲಿ 18. ಆಮೇಲೆ 0.03125ರಲ್ಲಿ −30. ವ್ಯಾಪ್ತಿ ಚೊಕ್ಕವಾಗಿ ಅರ್ಧವಾಗುತ್ತಲೇ ಇದೆ, ಕೊನೆಗೆ x = 0 ಎಂಬ ಉತ್ತರಕ್ಕೆ ಕೊಂಡೊಯ್ಯುತ್ತದೆ. ಆದರೆ e^0 = 1, 3 × 0 = 0. ಅದು ಉತ್ತರವೇ ಅಲ್ಲ. x = 0ರಲ್ಲಿ g ಕಡಿದು ಹೋಗಿದೆ. ಒಂದು ಕಡೆ ಮೇಲಕ್ಕೆ, ಇನ್ನೊಂದು ಕಡೆ ಕೆಳಕ್ಕೆ ಹಾರಿದೆ. ಸೊನ್ನೆಯನ್ನು ದಾಟದೆಯೇ ಚಿಹ್ನೆ ಬದಲಾಗಿದೆ.

ಇದನ್ನು ಪತ್ತೆ ಹಚ್ಚುವುದು ಸುಲಭ. ವ್ಯಾಪ್ತಿ ಕಿರಿದಾದಂತೆ ತುದಿಗಳಲ್ಲಿ ಬೆಲೆ ಒಟ್ಟಿನಲ್ಲಿ ಸೊನ್ನೆಯ ಕಡೆ ಕುಗ್ಗಬೇಕು. ನಡುವೆ ಏರಿಳಿತ ಇರಬಹುದು, ಆದರೆ 6, 18, 30 ಎಂದು ಬೆಳೆಯುತ್ತಾ ಹೋಗುತ್ತಿದ್ದರೆ ನೀವು ಹಿಡಿಯುತ್ತಿರುವುದು ಮೂಲವನ್ನಲ್ಲ, ಬಿರುಕನ್ನು. ಹಾಗಾಗಿ ಬಂದ ಉತ್ತರವನ್ನು ಮೂಲ ಸಮೀಕರಣಕ್ಕೆ ಹಾಕಿ ನೋಡುವುದನ್ನು ಬಿಡಬಾರದು. ಸಾಧ್ಯವಾದರೆ x ನಿಂದ ಭಾಗಿಸುವ ಕೆಲಸಕ್ಕೇ ಹೋಗಬೇಡಿ. e^x − 3x ಎಲ್ಲೂ ಕಡಿಯುವುದಿಲ್ಲ, ಅದನ್ನೇ ಇಟ್ಟುಕೊಳ್ಳಿ.

ಕಂಪ್ಯೂಟರ್‌ಗೆ ಕೊಟ್ಟಾಗ

```python
from math import exp

def f(x):
    return exp(x) - 3*x

a, b = 0.0, 1.0
fa = f(a)
while b - a > 1e-6:
    m = (a + b) / 2
    fm = f(m)
    if fa * fm <= 0:
        b = m
    else:
        a, fa = m, fm
print(a, b)
```

ಇದು ಇಪ್ಪತ್ತು ಸುತ್ತಿಗೆ ನಿಲ್ಲುತ್ತದೆ. ತುದಿಗಳು ಸುಮಾರು 0.6190605 ಮತ್ತು 0.6190615. ಕೊನೆಯಲ್ಲಿ ಒಂದೇ ಸಂಖ್ಯೆಯ ಬದಲು ಎರಡೂ ತುದಿಗಳನ್ನು ಅಚ್ಚು ಮಾಡಿಸಿದ್ದು ಬೇಕೆಂದೇ. ಉತ್ತರ ಎಷ್ಟು ಖಚಿತ ಎಂಬುದು ಆ ಎರಡರ ನಡುವೆ ಕಾಣುತ್ತದೆ.

ಇನ್ನೂ ನಿಖರ ಬೇಕು ಎಂದು `1e-6` ಇರುವಲ್ಲಿ `1e-17` ಹಾಕಿದರೆ ಪ್ರೋಗ್ರಾಂ ಮುಗಿಯುವುದೇ ಇಲ್ಲ. 0.6ರ ಆಸುಪಾಸಿನಲ್ಲಿ ಕಂಪ್ಯೂಟರ್ ಬರೆದಿಡಬಲ್ಲ ಎರಡು ಅಕ್ಕಪಕ್ಕದ ಸಂಖ್ಯೆಗಳ ಅಂತರವೇ ಸುಮಾರು 1.1 × 10⁻¹⁶. ಒಂದು ಹಂತದ ನಂತರ ಮಧ್ಯಬಿಂದು ಯಾವುದೋ ಒಂದು ತುದಿಯೇ ಆಗಿಬಿಡುತ್ತದೆ, ವ್ಯಾಪ್ತಿ ಕಿರಿದಾಗುವುದು ನಿಲ್ಲುತ್ತದೆ, ಲೂಪ್ ಸುತ್ತುತ್ತಲೇ ಇರುತ್ತದೆ.

ಇಷ್ಟು ನಿಧಾನ ಯಾಕೆ, ನ್ಯೂಟನ್ ವಿಧಾನ ಇದೆಯಲ್ಲ ಎಂದು ಕೇಳಬಹುದು. ಒಳ್ಳೆಯ ಜಾಗದಿಂದ ಹೊರಟರೆ ಅದು ಬಹಳ ವೇಗ, ನಿಜ. ಆದರೆ ಇದೇ ಸಮೀಕರಣದಲ್ಲಿ 1.1ರಿಂದ ಹೊರಡಿ. ಅದು ಗೆರೆಯ ತಳಕ್ಕೆ ತೀರಾ ಹತ್ತಿರ, ಇಳಿಜಾರು ಬರೀ 0.004. ಆ ಸಣ್ಣ ಸಂಖ್ಯೆಯಿಂದ ಭಾಗಿಸಿದಾಗ ಮುಂದಿನ ಊಹೆ 72ರ ಹತ್ತಿರ ಹೋಗಿ ಬೀಳುತ್ತದೆ. ಅಲ್ಲಿ e^x ಎಷ್ಟು ದೊಡ್ಡದೆಂದರೆ ಪ್ರತಿ ಹೆಜ್ಜೆಗೂ x ಸುಮಾರು 1 ಮಾತ್ರ ಇಳಿಯುತ್ತದೆ. ವಾಪಸ್ ಬರಲು ಎಪ್ಪತ್ತರ ಆಸುಪಾಸು ಹೆಜ್ಜೆ ಬೇಕು.

ಅದಕ್ಕೇ ನಾನು ಎರಡನ್ನೂ ಸೇರಿಸುವ ಪಕ್ಷದವನು. ಬೈಸೆಕ್ಷನ್‌ನಲ್ಲಿ ಮೂರು ಸುತ್ತು ಹೋಗಿ 0.625 ಹಿಡಿದುಕೊಳ್ಳಿ, ಅಲ್ಲಿಂದ ನ್ಯೂಟನ್ ಶುರು ಮಾಡಿ. ಮೊದಲ ಹೆಜ್ಜೆಗೆ 0.61903, ಎರಡನೆಯದಕ್ಕೆ 0.6190613. ಅಲ್ಲಿಗೆ ಮುಗಿಯಿತು. ಇದೇ ಬಗೆಯ ಜೋಡಣೆಯನ್ನು ಹೆಚ್ಚು ಜಾಣತನದಿಂದ ಮಾಡುವ ವಿಧಾನವನ್ನು ರಿಚರ್ಡ್ ಬ್ರೆಂಟ್ 1970ರ ದಶಕದ ಆರಂಭದಲ್ಲಿ ಕೊಟ್ಟರು. ಅದರಲ್ಲಿ ಇಳಿಜಾರಿನ ಲೆಕ್ಕವೂ ಬೇಕಿಲ್ಲ. ವೇಗದ ಹೆಜ್ಜೆ ಎಡವಿದಾಗಲೆಲ್ಲ ಅದು ಬೈಸೆಕ್ಷನ್‌ಗೆ ಮರಳುತ್ತದೆ. ಪೈಥಾನ್‌ನ SciPyಯಲ್ಲಿ ಅದು `brentq` ಎಂಬ ಹೆಸರಿನಲ್ಲಿದೆ. ಅದಕ್ಕೆ ನಮ್ಮ f ಜೊತೆ 0 ಮತ್ತು 1 ಕೊಟ್ಟರೆ ಕ್ಷಣದಲ್ಲಿ 0.61906 ಬರುತ್ತದೆ. 0 ಮತ್ತು 2 ಕೊಟ್ಟರೆ ಲೆಕ್ಕವನ್ನೇ ಶುರು ಮಾಡದೆ `f(a) and f(b) must have different signs` ಎಂದು ತಕರಾರು ತೆಗೆಯುತ್ತದೆ. ಆಗ ಮಾಡಬೇಕಾದ್ದು ಪ್ರೋಗ್ರಾಂ ತಿದ್ದುವುದಲ್ಲ, ln 3ರ ಹತ್ತಿರ ವ್ಯಾಪ್ತಿಯನ್ನು ಎರಡಾಗಿ ಸೀಳಿ ಒಂದೊಂದನ್ನೇ ಕೊಡುವುದು.